ಒಂದು ದಿನ ಮಡಚಿಟ್ಟ ಅರ್ಜಿ

ಐವತ್ತರ ದಶಕದ ಕೊನೇಲಿ ನಾನು ಶಿಡ್ಲಘಟ್ಟದಲ್ಲಿ ಮೇಷ್ಟ್ರು. ನನ್ನ ಹೆಂಡ್ತೀನೂ ಟೀಚರೇ, ಗೌರಿಬಿದನೂರಲ್ಲಿ. ನಮ್ಮ ಸಂಸಾರ ವಾರಕ್ಕೆ ಒಂದು ದಿನ ಮಾತ್ರ. ಅದಕ್ಕೇ ಅವಳೂರಿಗೆ ವರ್ಗ ಕೇಳಿ ಅರ್ಜಿ ಬರೆದೆ. ಕಂಡೋರ ಬರವಣಿಗೇಲಿ ತಪ್ಪು ಹಿಡಿದು ಗೋಳು ಹೊಯ್ಕೋತಿದ್ದೋನು ನಾನು. ನಂದ್ರಲ್ಲಿ ತಪ್ಪು ಎಲ್ಲಿಂದ ಬರಬೇಕು?

ಶನಿವಾರ ಸಾಯಂಕಾಲ ಅವಳ ಮುಂದೆ ಗಟ್ಟಿಯಾಗಿ ಓದಿದೆ. ಒಂದು ವಾಕ್ಯ ಮುಗಿಯೋ ಮೊದಲೇ ಉಸಿರು ಮುಗೀತು, ಅದನ್ನ ಒಡೆದು ಎರಡು ಮಾಡಿದೆ. ಆಮೇಲೆ ಕೊನೇ ಪದದಿಂದ ಹಿಂದಕ್ಕೆ ಬೆರಳಿಟ್ಟು ಒಂದೊಂದೇ ಪದ ಓದಿದೆ. ಒಂದು ಪದ ಎರಡು ಸಲ ಬಿದ್ದಿತ್ತು, ಹೊಡೆದು ಹಾಕಿದೆ.

"ಈಗ್ಲೇ ಟಪಾಲು ಡಬ್ಬಿಗೆ ಹಾಕಿ ಬರ್ತೀನಿ ಕಣೇ."

"ನಿಮಗೆ ಬಾಯಿಪಾಠ ಆಗೋಗಿದೆ ರೀ, ಇನ್ನು ಕಣ್ಣಿಗೆ ಏನೂ ಕಾಣಲ್ಲ. ನಾಳೆವರೆಗೂ ಇರಲಿ" ಅಂತ ಮಡಚಿ ಅಕ್ಕಿ ಡಬ್ಬದ ಕೆಳಗಿಟ್ಟಳು.

ಭಾನುವಾರ ಉಪ್ಪಿಟ್ಟು ತಿಂದು ಮತ್ತೆ ಬಿಚ್ಚಿದೆ. ಗೌರಿಬಿದನೂರಿಂದ ಶಿಡ್ಲಘಟ್ಟಕ್ಕೆ ವರ್ಗ ಮಾಡಿ ಅಂತ ಬರೆದಿದ್ದೆ. ಎರಡೂ ಊರು ಅದಲು ಬದಲು. ಪದಗಳೆಲ್ಲಾ ಸರಿಯಾಗೇ ಇದ್ವು, ಕಿವಿಗೂ ಚೆನ್ನಾಗಿತ್ತು, ಹಂಗಾಗಿ ತಪ್ಪಿಸ್ಕೊಂಡಿತ್ತು. ನನ್ನ ಮೊಕ ನೋಡಿ ಅವಳೂ ಕಿತ್ಕೊಂಡು ಓದಿದಳು.

"ನಿನ್ನ ಪರೀಕ್ಷೆ ಮಾಡೋಣ ಅಂತ ಬೇಕಂತ್ಲೇ ಬರೆದೆ ಕಣೇ."

"ಹಾಗಾದ್ರೆ ಹಾಗೇ ಕಳಿಸಿ. ವಾರಕ್ಕೊಂದು ದಿನ ಅಂದ್ರೆ ನಂಗೂ ನೆಮ್ಮದಿ."

ತೆಪ್ಪಗೆ ಹೊಸ ಹಾಳೆ ತಗೊಂಡೆ. ವರ್ಗ ಸಿಕ್ತು. ಈಗ್ಲೂ ಏನೇ ಬರೆದ್ರೂ ಒಂದು ದಿನ ಅಕ್ಕಿ ಡಬ್ಬದ ಕೆಳಗೆ ಇಡ್ತೀನಿ. ಆದ್ರೆ ಅದು ಬೇಕಂತ್ಲೇ ಬರೆದಿದ್ದು ಅಂತ ಇವತ್ತಿಗೂ ಸಾಧಿಸ್ತೀನಿ. ಅವಳು ಇವತ್ತಿಗೂ ನಂಬಿಲ್ಲ.