ಊರಿನ ಅರ್ಧ ಮುಖಗಳಿಗೆ ಹೊಣೆಯಾದವನು

ಕನ್ನಡಕದ ಅಂಗಡಿಯಲ್ಲಿ ಫ್ರೇಮು ತೋರಿಸುವ ಕೆಲಸದಲ್ಲೇ ಅವನ ತಲೆ ಅರ್ಧ ನೆರೆತಿತ್ತು. ಆದರೆ ಯಾರಾದರೂ ಕೆಲಸವೇನೆಂದು ಕೇಳಿದರೆ, ಈಚೆಗೆ "ಹಾಸ್ಯ" ಎಂದು ಹೇಳಿ, ಒಂದು ಕ್ಷಣ ಬಿಟ್ಟು, "ಅದರ ಜೊತೆಗೆ ಕನ್ನಡಕ" ಎನ್ನುತ್ತಿದ್ದ. ಅಂಗಿ ಜೇಬಿನಲ್ಲಿ ಸದಾ ಒಂದು ಪುಟ್ಟ ಪುಸ್ತಕ ಇರುತ್ತಿತ್ತು. ಲೋಕವೆಲ್ಲ ತನಗೆ ಸರಕು ಒದಗಿಸಲೆಂದೇ ಓಡಾಡುತ್ತಿದೆ ಎಂಬ ಗತ್ತಿನಲ್ಲಿ ಅದನ್ನು ತೆಗೆದು ಬರೆಯುತ್ತಿದ್ದ.

ಶನಿವಾರ ಸಂಜೆ ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ, ಹೆಸರು ಕೊಟ್ಟವರಿಗೆಲ್ಲ ಜನರನ್ನು ನಗಿಸಲು ಐದೈದು ನಿಮಿಷ ಮೈಕು ಸಿಗುತ್ತಿತ್ತು. ಅವನು ಎರಡು ಸಲ ಹತ್ತಿದ್ದ. ಮೊದಲ ಸಲ ಗಿಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕಣ್ಣು ಪರೀಕ್ಷೆಗೆ ಬಂದವನ ಕಥೆ ಹೇಳಿದ. ಎರಡನೆಯ ಸಲ ಕನ್ನಡಕದ ಮೇಲೆ ತಾನೇ ಕೂತು, ಮುರಿದದ್ದಕ್ಕೆ ಅಂಗಡಿಯವರನ್ನು ಬೈದವನ ಕಥೆ. ಜನ ಸಭ್ಯರು, ಕೆಮ್ಮಿದರು.

ಕಾರ್ಯಕ್ರಮ ನಡೆಸುವ ಹುಡುಗಿ ಮೆಟ್ಟಿಲ ಹತ್ತಿರ ಅವನನ್ನು ಹಿಡಿದಳು.

"ಅಂಕಲ್, ಇದೆಲ್ಲ ನಿಜವಾಗ್ಲೂ ನಡೆದದ್ದಾ?"

"ಅಕ್ಷರ ಅಕ್ಷರ! ಅಲ್ಲೇ ನಿಂತು ಬರ್ಕೊಂಡಿದ್ದೀನಿ."

"ಅದೇ ತೊಂದರೆ. ಗಿಳಿ ತಂದವನು ವಿಚಿತ್ರ, ಸರಿ. ಅದಕ್ಕೆ ನಿಮಗೇನಾಯ್ತು? ಸಿಟ್ಟು ಬಂತಾ, ಭಯ ಆಯ್ತಾ, ನಾಚಿಕೆ ಆಯ್ತಾ? ಅದು ಇಲ್ಲದೆ ಬರೀ ವರದಿ. ಮುಂದಿನ ಶನಿವಾರ ಒಂದ್ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನಿಮ್ಮ ಐದು ನಿಮಿಷ ಬೇರೆಯವರಿಗೆ. ಬೇಜಾರ್ ಮಾಡ್ಕೋಬೇಡಿ."

ಬೇಜಾರೇನೂ ಆಗಲಿಲ್ಲ. ಹುಡುಗಿಗೆ ಹಾಸ್ಯ ಗೊತ್ತಿಲ್ಲ ಎಂದುಕೊಂಡು ಮನೆಗೆ ಬಂದು ಪುಸ್ತಕ ಬಿಚ್ಚಿದ. ಪುಟಪುಟವೂ ಅಪರೂಪದ ಘಟನೆಗಳು. ಪಕ್ಕದಲ್ಲಿ ಅವನದೇ ಕೈಬರಹದ "ಭಾರೀ ತಮಾಷೆ!", ಕೆಳಗೆ ಎರಡು ಗೆರೆ. ಹೆಂಡತಿ ಹಿಂದಿನಿಂದ ಬಗ್ಗಿ ಓದಿದಳು.

"ರೀ, ತಮಾಷೆ ಅಂತ ಬರ್ದಿರೋದು ಒಳ್ಳೇದಾಯ್ತು. ಇಲ್ದಿದ್ರೆ ಗೊತ್ತಾಗ್ತಿರ್ಲಿಲ್ಲ."

ಸೋಮವಾರ ಅಂಗಡಿಗೆ ಹಳೆಯ ಗಿರಾಕಿ ಬಂದರು, ನಿವೃತ್ತ ಟೀಚರು. ಸೀಸೆಯ ತಳದಷ್ಟು ದಪ್ಪ ಕನ್ನಡಕ ಕಳಚಿಟ್ಟು ಪವರಿಲ್ಲದ ಹೊಸ ಫ್ರೇಮು ಏರಿಸಿ, ಮೂಗು ತಾಗುವವರೆಗೂ ಕನ್ನಡಿಗೆ ಬಗ್ಗಿದರು. ಏನೂ ಕಾಣಲಿಲ್ಲ. ಗೋಡೆಯ ಕಡೆ ತಿರುಗಿ, "ಹೇಗಿದೆಯಪ್ಪಾ?" ಎಂದು ಕೇಳಿದರು.

"ಮೇಡಂ, ನಿಮ್ಮ ಮುಖಕ್ಕೇ ಅಳತೆ ತಗೊಂಡು ಮಾಡ್ದಂಗಿದೆ," ಎಂದು ಗೋಡೆಯ ಬದಲಿಗೆ ಅವನು ಹೇಳಿದ. ಆ ಮಾತು ಅವನ ಬಾಯಿಂದ ಉಸಿರಿನಷ್ಟೇ ಸಲೀಸಾಗಿ ಬರುತ್ತಿತ್ತು.

"ಹೋದ ಸಲಾನೂ ನೀನು ಇದನ್ನೇ ಹೇಳಿದ್ದೆ. ಮನೆಗೆ ಹೋಗಿ ಕನ್ನಡಿ ನೋಡ್ಕೊಂಡೆ. ಆ ಫ್ರೇಮು ನೋಡಿ ನಮ್ಮ ತಂಗಿ ಎರಡು ದಿನ ಮಾತಾಡ್ಸಲಿಲ್ಲ."

ಅವನಿಗೆ ನಗು ಬರಲಿಲ್ಲ. ಇಷ್ಟು ವರ್ಷ ದಿನಕ್ಕೆ ಹತ್ತು ಸಲ ನೋಡಿದ್ದ ದೃಶ್ಯ, ಒಮ್ಮೆಯೂ ಬರೆದಿರಲಿಲ್ಲ. ಅವರು ಹೋದೊಡನೆ ಪುಸ್ತಕ ತೆಗೆದ: "ಕಣ್ಣು ಕಾಣದವರು ಕನ್ನಡಕ ಆರಿಸುವಾಗ ಕನ್ನಡಕ ತೆಗೆಯಬೇಕು." ಅದರ ಕೆಳಗೆ, ಹುಡುಗಿಯ ಪ್ರಶ್ನೆಗೆ ಉತ್ತರವಾಗಿ: "ನನಗೆ ಭಯ. ಊರಿನ ಅರ್ಧ ಮುಖಗಳಿಗೆ ನಾನೇ ಹೊಣೆ. ದಾರಿಯಲ್ಲಿ ತಲೆ ಎತ್ತಿ ನಡೆಯೋ ಹಾಗಿಲ್ಲ." ತಮಾಷೆ ಎಂದು ಬರೆಯಲು ಮರೆತ.

ವಾರವಿಡೀ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯ ಮುಂದೆ ಒಪ್ಪಿಸಿದ. ಅವಳ ಈರುಳ್ಳಿ ಹೆಚ್ಚುವ ಚಾಕು ನಿಂತ ಸಾಲುಗಳನ್ನು ಉಳಿಸಿಕೊಂಡ, ಚಾಕು ನಡೆಯುತ್ತಲೇ ಇದ್ದ ಸಾಲುಗಳನ್ನು ಹೊಡೆದುಹಾಕಿದ. ಕಣ್ಣಿನ ಬಗ್ಗೆ ತಾನು ಬಹಳ ಇಷ್ಟಪಟ್ಟು ಬರೆದ ತಾತ್ತ್ವಿಕ ಪೀಠಿಕೆಗೆ ಚಾಕು ಇನ್ನೂ ಜೋರಾಯಿತು. ಆದರೂ ಅದನ್ನು ಉಳಿಸಿಕೊಂಡ. ಅಷ್ಟಾದರೂ ಘನತೆ ಬೇಡವೇ?

ಶನಿವಾರ ಪೀಠಿಕೆಗೆ ಒಬ್ಬರೂ ನಗಲಿಲ್ಲ. ಹುಡುಗಿ ಗಡಿಯಾರ ನೋಡಿದಳು. ಅವನು ಉಳಿದ ಪೀಠಿಕೆಯನ್ನು ಅಲ್ಲೇ ನುಂಗಿ ಟೀಚರಮ್ಮನ ಗೋಡೆಯ ಕಥೆಗೆ ಹಾರಿದ. ಒಂದು ಮೂಲೆ ನಕ್ಕಿತು. "ನಾನು ಹೊಟ್ಟೆಪಾಡಿಗೆ ಏನು ಮಾಡ್ತೀನಿ ಅಂದ್ರೆ, ಕಣ್ಣು ಕಾಣದವರಿಗೆ ಚೆನ್ನಾಗಿ ಕಾಣ್ತೀರಿ ಅಂತೀನಿ," ಎಂದಾಗ ಇನ್ನೊಂದು ಮೂಲೆ ಸೇರಿಕೊಂಡಿತು. ಆಗ ಮುಂದಿನ ಸಾಲಿನ ಒಂದು ಚೌಕದ ಫ್ರೇಮು ಅವನ ಕಣ್ಣಿಗೆ ಬಿತ್ತು. ಗುರುತು ಹತ್ತಿತು.

"ಅಣ್ಣಾ, ಅದು ನಮ್ಮ ಅಂಗಡೀದು," ಎಂದ. ತಡೆದು, "ಕ್ಷಮಿಸಿ," ಎಂದ.

ಇಡೀ ಮಹಡಿ ಬಿದ್ದು ಬಿದ್ದು ನಕ್ಕಿತು. ಬರೆದುಕೊಂಡು ಬಂದಿರದ ಒಂದೇ ಒಂದು ಮಾತು ಅದು. ಕೆಳಗಿಳಿದವನೇ ಮೆಟ್ಟಿಲ ಮೇಲೆ ಕೂತು, ನಗು ಬಿದ್ದ ಜಾಗಗಳಿಗೆಲ್ಲ ಗುರುತು ಹಾಕಿದ. ಪೀಠಿಕೆಯ ಪುಟದ ಮೇಲೆ ಅಡ್ಡಗೆರೆ ಎಳೆದ, ನೋವಾಯಿತು.

ಹುಡುಗಿ ಬಂದು, "ಮುಂದಿನ ವಾರ ಏಳು ನಿಮಿಷ ಕೊಡ್ತೀನಿ, ಅಂಕಲ್. ಗಿಳಿ ಬೇಡ," ಎಂದಳು.

ಅವಳ ಹಿಂದೆಯೇ ಚೌಕದ ಫ್ರೇಮಿನವನು ನಿಂತಿದ್ದ, ಕನ್ನಡಕ ಕೈಯಲ್ಲಿ ಹಿಡಿದು. "ಸಾರ್, ತಮಾಷೆ ಬಿಡಿ. ನಿಜ ಹೇಳಿ, ನನಗೆ ಇದು ಒಪ್ಪಲ್ವಾ?"

ಅವನು ಆ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ.

"ಶನಿವಾರ ಒಪ್ಪಲ್ಲ ಸಾರ್," ಎಂದ. "ಸೋಮವಾರ ಅಂಗಡಿಗೆ ಬನ್ನಿ, ಅಲ್ಲಿ ಬಹಳ ಒಪ್ಪುತ್ತೆ."