ಲೈಟ್ ಮತ್ತು ಬ್ರೌನ್ ನಡುವಿನ ಗೆರೆ

ಅಥಣಿಯಲ್ಲಿ ನನ್ನ ಹೆಂಡತಿ ಚಪ್ಪಲಿ ಹೊಲಿಸುತ್ತಾಳೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಅವಳ ಗಿರಾಕಿಗಳ ಪತ್ರ ಓದಿ ಹೇಳುತ್ತೇನೆ. ಅಂದು ಹೊರದೇಶದ ಅಂಗಡಿಯೊಂದು ‘ಲೈಟ್ ಬ್ರೌನ್’ ಚಪ್ಪಲಿ ಕೇಳಿತ್ತು. ಎರಡು ಪದಗಳ ನಡುವೆ ಹೈಫನ್, ಅಂದರೆ ಕೂಡಿಸುವ ಸಣ್ಣ ಗೆರೆ, ಇರಲಿಲ್ಲ.

ಹೈಫನ್ ಇದ್ದರೆ ಎರಡೂ ಪದ ಸೇರಿ ಒಂದೇ ಬಣ್ಣ, ತಿಳಿಗಂದು. ಇಲ್ಲದಿದ್ದರೆ ಹಗುರವಾದ, ಕಂದು ಬಣ್ಣದ ಚಪ್ಪಲಿ ಎಂದೂ ಆಗಬಹುದು. ಬರೆದವನು ಬೇಕೆಂದೇ ಬಿಟ್ಟನೋ, ಸೋಮಾರಿತನಕ್ಕೆ ಬಿಟ್ಟನೋ ಯಾರಿಗೆ ಗೊತ್ತು? ಕನ್ನಡದಲ್ಲಾದರೆ ತಿಳಿಗಂದು ಎಂದು ಕೂಡಿಸಿ ಬರೆದು ನೆಮ್ಮದಿಯಾಗಿರುತ್ತಿದ್ದೆ.

“ಬಣ್ಣ ತಿಳಿ ಇರಬೇಕೋ, ಚಪ್ಪಲ್ ಹಗೂರ ಇರಬೇಕೋ? ಹೊಲಿಯೂ ಮೊದಲ ಚರ್ಮ ನೀರಾಗ ನೆನಿ ಹಾಕಬೇಕ್ರಿ,” ಎಂದಳು ಹೆಂಡತಿ.

ನಾನು ಕೂರಲಿಲ್ಲ, ನಿಲ್ಲಲಿಲ್ಲ. ಹೈಫನ್ನಿನ ನಿಯಮವನ್ನೆಲ್ಲ ವಿವರಿಸಿ, ಇವೆರಡರಲ್ಲಿ ಯಾವುದು ಎಂದು ಉದ್ದ ಇಮೇಲ್ ಕಳಿಸಿದೆ. ಮಧ್ಯಾಹ್ನ ಉತ್ತರ ಬಂತು: ಹೌದು, ಲೈಟ್ ಬ್ರೌನ್.

“ಗೆರಿ ಹಾಕ್ಯಾನೇನ್ರಿ?”

“ಇಲ್ಲ.”

“ನಿಮ್ಮ ಪಾಠ ಸಾಕ್ರಿ. ಫೋಟೋ ಕಳಸೋಣು,” ಎಂದು ತಿಳಿ ಬಣ್ಣದ ದಪ್ಪ ಜೋಡಿ ಮತ್ತು ಕಡುಗಂದಿನ ತೆಳುವಾದ ಜೋಡಿ ಪಕ್ಕಪಕ್ಕ ಇಟ್ಟಳು. ಯಾವುದು ಬೇಕು ಎಂದು ಕೆಳಗೆ ಬರೆದು ಕಳಿಸಿದೆ.

ಸಂಜೆಯವರೆಗೂ ಫೋನ್ ನೋಡುತ್ತ ಅಂಗಳ ಸುತ್ತಿದೆ. ಕೊನೆಗೆ ಅದು ಟಿಂಗ್ ಎಂದಿತು. ಇಬ್ಬರೂ ಬಗ್ಗಿ ನೋಡಿದೆವು.

ಮೇಲಕ್ಕೆತ್ತಿದ ಒಂದು ಹೆಬ್ಬೆರಳು. ಅಷ್ಟೇ.