ಬೆಳಕು ಮುರಿಯುವ ಜಾಗ

ಯಲ್ಲಾಪುರದಲ್ಲಿ ಹುಬ್ಬಳ್ಳಿ ರಸ್ತೆಗೆ ಮುಖ ಮಾಡಿರುವ ನಮ್ಮ ಫೈಬರ್ ವರ್ಕ್‌ಶಾಪಿಗೆ ಬರುವವರು ಹೆಚ್ಚಾಗಿ ಲಾರಿಯವರು. ಒಡೆದ ಬಂಪರ್, ಬಿರುಕು ಬಿಟ್ಟ ನೀರಿನ ಟ್ಯಾಂಕು, ಇಂಥವೇ. ಅಚ್ಚು ತೆಗೆಯುವುದು, ಉಜ್ಜುವುದು, ಬಣ್ಣ ಹೊಡೆಯುವುದು ನನ್ನ ಪಾಲು. ಹೊಸದಾಗಿ ಏನಾದರೂ ಮಾಡಬೇಕಾದರೆ ರೈನೋ ಸಾಫ್ಟ್‌ವೇರಿನಲ್ಲಿ ಅದರ ಆಕಾರ ಮೂಡಿಸುವುದು ನನ್ನ ತಂಗಿಯ ಪಾಲು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವಳಿಗೆ ಸಿಟ್ಟೇ ಬರುವುದಿಲ್ಲ, ಅದನ್ನು ನೋಡಿ ನನಗೆ ಇನ್ನಷ್ಟು ಬರುತ್ತದೆ.

ಆ ಬೇಸಿಗೆಯಲ್ಲಿ ಸಿದ್ದಾಪುರದ ಕಡೆಯ ಒಬ್ಬ ಶಾಲೆ ಅಕ್ಕೋರು, ಅಂದರೆ ಟೀಚರು, ತಮ್ಮ ಸ್ಕೂಟರ್ ತಂದರು. ಚಿಕ್ಕಂದಿನಿಂದ ಅವರ ಒಂದು ಕಾಲಿಗೆ ಬಲವಿಲ್ಲ. ಸ್ಕೂಟರಿನ ಹಿಂದೆ ಎರಡೂ ಬದಿಗೆ ಒಂದೊಂದು ಚಕ್ರ ಬೆಸುಗೆ ಹಾಕಿಸಿಕೊಂಡು ವರ್ಷಗಟ್ಟಲೆ ಓಡಿಸಿದ್ದರು. ಗಾಡಿ ನೀಲಿ, ಚಕ್ರದ ಮೇಲಿನ ಮಡ್‌ಗಾರ್ಡು ಮಾತ್ರ ಕರಿ ತಗಡು. ಅದನ್ನು ತೆಗೆದು, ಗಾಡಿಯ ಮೈಯಿಂದಲೇ ಹರಿದು ಬಂದು ಚಕ್ರವನ್ನು ಮುಚ್ಚುವಂಥ ಕವಚ ಬೇಕೆಂದರು. ಶಾಲೆ ಶುರುವಾಗುವಾಗ ಹೊಸ ಊರಿಗೆ ವರ್ಗ, ಅಷ್ಟರೊಳಗೆ ಆಗಬೇಕು. ಇಷ್ಟು ವರ್ಷ ನಡೆದದ್ದು ಈಗೇಕೆ ನಡೆಯದು ಎಂದು ನಾನು ಕೇಳಿಯೇಬಿಟ್ಟೆ. ಕೇಳಬಾರದಿತ್ತು, ಆದರೆ ಅವರು ನಕ್ಕರು.

"ಪೆಟ್ರೋಲ್ ಬಂಕಲ್ಲಿ ನಿಲ್ಸಿದ್ರೆ ಸಾಕು, ಕಾಲಿಗೆ ಎಂತ ಆಯ್ತು ಅಂತ ಕೇಳ್ತಾರೆ. ಹೊಸ ಊರಲ್ಲಾದ್ರೂ ಗಾಡಿ ನೋಡಿದ್ರೆ ಗಾಡಿ ಅಂತ ಅನ್ನಿಸ್ಬೇಕು, ಅಷ್ಟೇ."

ತಂಗಿ ಹುಬ್ಬಳ್ಳಿಯಿಂದ ಸ್ಕ್ಯಾನರ್ ಬಾಡಿಗೆಗೆ ತರಿಸಿ ಸ್ಕೂಟರಿನ ಮೈಯನ್ನು ಕಂಪ್ಯೂಟರಿಗೆ ಇಳಿಸಿಕೊಂಡಳು. ಸೀಟಿನ ಕೆಳಗಿಂದ ಇಳಿಯುವ ಬದಿ ಹೆಚ್ಚುಕಡಿಮೆ ಚಪ್ಪಟೆ, ಅದನ್ನೂ ಕವಚದಲ್ಲೇ ಸೇರಿಸಿ ಕಟ್ಟಿದಳು. ಚಕ್ರದ ಮೇಲೆ ಬರುವುದು ಗುಮ್ಮಟದ ಹಾಗೆ ಉಬ್ಬಿದ್ದು. ಎರಡರ ನಡುವೆ ದುಂಡಗಿನ ತಿರುವು ಕೊಟ್ಟು ಸೇರಿಸಿದಳು. ಸೇರುವ ಎರಡೂ ಗೆರೆಗಳಲ್ಲಿ ಟ್ಯಾಂಜೆಂಟ್ ಹೊಂದಿಸಿದ್ದಳು, ಅಂದರೆ ಒಂದು ಮೈ ಯಾವ ದಿಕ್ಕಿಗೆ ಹೊರಟಿತ್ತೋ ಅದೇ ದಿಕ್ಕಿನಲ್ಲಿ ಇನ್ನೊಂದು ಮುಂದುವರಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ಥರ್ಮಕೋಲಿನಂಥ ಗಟ್ಟಿ ಫೋಮಿನಲ್ಲಿ ಕೊರೆಸಿದ್ದಾಯಿತು, ಅದರಿಂದ ನಾನು ಅಚ್ಚು ತೆಗೆದು ಮೊದಲ ಕವಚ ಮಾಡಿದೆ. ಹೊಳಪಿಲ್ಲದ ಬೂದು ಪ್ರೈಮರಿನಲ್ಲಿ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ ಇಬ್ಬರೂ ಬೆರಳಾಡಿಸಿ ನೋಡಿ ಖುಷಿಪಟ್ಟೆವು. ಎಲ್ಲೂ ಅಂಚಿಲ್ಲ, ಮೆಟ್ಟಿಲಿಲ್ಲ.

ನೀಲಿ ಬಣ್ಣ ಹೊಡೆದು ಪಾಲಿಶ್ ಮಾಡಿದಾಗ ಬಣ್ಣ ಬಯಲಾಯಿತು. ಮೇಲಿನ ಟ್ಯೂಬ್‌ಲೈಟಿನ ಬಿಂಬ ಬದಿಯಲ್ಲಿ ನೆಟ್ಟಗೆ ಇಳಿದು ಬಂದು, ತಿರುವು ಶುರುವಾಗುವ ಗೆರೆಯಲ್ಲಿ ತಟ್ಟನೆ ಸೊಟ್ಟಗಾಗಿತ್ತು. ಬಿಂಬ ತುಂಡಾಗಿರಲಿಲ್ಲ, ಆದರೆ ಮೊಣಕೈಯ ಹಾಗೆ ಮಡಚಿಕೊಂಡಿತ್ತು. ಗುಮ್ಮಟ ಸೇರುವಲ್ಲಿ ಮತ್ತೊಂದು ಮಡಿಕೆ. ದೂರ ನಿಂತು ನೋಡಿದರೆ ಸ್ಕೂಟರು ಎಲ್ಲಿ ಮುಗಿಯಿತು, ನಮ್ಮ ತೇಪೆ ಎಲ್ಲಿ ಶುರುವಾಯಿತು ಎಂದು ಯಾರು ಬೇಕಾದರೂ ಬೊಟ್ಟು ಮಾಡಿ ತೋರಿಸಬಹುದಿತ್ತು.

ನಾನು ಮತ್ತೆ ಬೆರಳಾಡಿಸಿದೆ. ಏನೂ ಸಿಗಲಿಲ್ಲ. ಸಿಟ್ಟು ಬಂತು, ಲಾಂಬಿ ಎನ್ನುವ ಪುಟ್ಟಿ ಹಚ್ಚಿ ಒಂದು ಬದಿಯನ್ನು ಕೈಯಿಂದ ತಿದ್ದಲು ಹೊರಟೆ. ತಿಕ್ಕಿ ತಿಕ್ಕಿ ಮಡಿಕೆಯೇನೋ ಹೋಯಿತು, ಅದರ ಜಾಗದಲ್ಲಿ ಬಿಂಬ ಅಲೆಅಲೆಯಾಗಿ ಕುಣಿಯತೊಡಗಿತು. ಇನ್ನೊಂದು ಬದಿಗೂ ಹೀಗೇ ಮಾಡಿದರೆ ಎರಡು ಬದಿಗೆ ಎರಡು ಥರದ ಕುಣಿತ. ಕೊನೆಗೆ ಆ ಗೆರೆಯ ಮೇಲೆ ಬಿಳಿ ಸ್ಟಿಕ್ಕರ್ ಪಟ್ಟಿ ಅಂಟಿಸಿದರೆ ಆಯಿತು, ಫ್ಯಾಶನ್ ಅಂದುಕೊಳ್ಳುತ್ತಾರೆ ಎಂದೆ.

ತಂಗಿ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಮಾಡೆಲ್ಲಿನ ಮೇಲೆ ಕಪ್ಪು ಬಿಳುಪು ಪಟ್ಟೆ ಬೀಳಿಸುವ ಒಂದು ಪರೀಕ್ಷೆ ಅದರಲ್ಲಿದೆ, ಜೀಬ್ರಾ ಅನ್ನುತ್ತಾರೆ. ಟ್ಯೂಬ್‌ಲೈಟು ನನಗೆ ತೋರಿಸಿದ್ದನ್ನೇ ಅದೂ ತೋರಿಸಿತು: ಪಟ್ಟೆಗಳು ಸೇರುವ ಗೆರೆಯಲ್ಲಿ ಒಂದಕ್ಕೊಂದು ತಾಗಿದ್ದವು, ತಾಗಿದಲ್ಲೇ ಮುರಿದಿದ್ದವು.

"ಅಣ್ಣ, ಇಲ್ಲಿ ಅಂಚಿಲ್ಲೆ. ಆದ್ರೆ ಬಾಗು ಒಂದೇ ಸಲ ಶುರುವಾಗ್ತು. ಕೈಗೆ ಗೊತ್ತಾಗ್ತಿಲ್ಲೆ, ಬೆಳಕಿಗೆ ಗೊತ್ತಾಗ್ತು," ಎಂದಳು.

ಅದೇ ಹೊತ್ತಿಗೆ ಕೆಲಸ ಎಲ್ಲಿಗೆ ಬಂತೆಂದು ನೋಡಲು ಅಕ್ಕೋರು ಬಸ್ಸಿನಲ್ಲಿ ಬಂದಿಳಿದರು. ಮುಚ್ಚಿಡಲು ಏನೂ ಇರಲಿಲ್ಲ. ಅವರು ಕವಚದ ಸುತ್ತ ಒಂದು ಸುತ್ತು ಬಂದು, ಸರಿಯಾಗಿ ಆ ಗೆರೆಯ ಮುಂದೆಯೇ ನಿಂತರು. ಬಿಂಬ ಮಡಚಿಕೊಂಡಲ್ಲಿ ಬೆರಳಿಟ್ಟು ನನ್ನ ಕಡೆ ನೋಡಿದರು. ನನ್ನ ಸ್ಟಿಕ್ಕರಿನ ಉಪಾಯ ಬಾಯಲ್ಲೇ ಉಳಿಯಿತು.

ತಂಗಿ ಅವರಿಗೆ ಬಿಡಿಸಿ ಹೇಳಿದಳು. ಟ್ಯಾಂಜೆಂಟ್ ಅಂದರೆ ದಿಕ್ಕು ಮಾತ್ರ ಹೊಂದುವುದು. ಚಪ್ಪಟೆಯಾಗಿದ್ದ ಮೈ ಮುಂದಿನ ಕೂದಲೆಳೆಯಲ್ಲೇ ಪೂರ್ತಿ ದುಂಡಗಾಗಿಬಿಡುತ್ತದೆ. ಕರ್ವೇಚರ್ ಹೊಂದಿಸಿದರೆ ಬಾಗಿನ ಪ್ರಮಾಣವೂ ಆ ಗೆರೆಯಲ್ಲಿ ಎರಡು ಕಡೆ ಒಂದೇ ಇರುತ್ತದೆ. ಅಲ್ಲಿಂದ ಬಾಗು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಅಕ್ಕೋರಿಗೆ ಕೂಡಲೇ ಹೊಳೆಯಿತು. ಘಟ್ಟದ ರಸ್ತೆಯಲ್ಲಿ ತಾವು ತಿರುವಿಗೆ ಮುಂಚೆಯೇ ಹ್ಯಾಂಡಲನ್ನು ಚೂರುಚೂರೇ ತಿರುಗಿಸುತ್ತ ಹೋಗುವುದಾಗಿಯೂ, ತಿರುವಿನ ಬಾಯಿಗೆ ಬಂದ ಮೇಲೆ ಒಮ್ಮೆಲೇ ತಿರುಗಿಸಿದರೆ ಈ ನಾಲ್ಕು ಚಕ್ರದ ಗಾಡಿ ಜಗ್ಗುವುದಾಗಿಯೂ ಹೇಳಿದರು. ಅದೇ ಇದು ಎಂದಳು ತಂಗಿ. ಇಷ್ಟು ವರ್ಷ ಅವಳ ಜೊತೆ ಕೆಲಸ ಮಾಡಿದ ನನಗೆ ಅರ್ಥವಾಗದ್ದು ಅವರಿಗೆ ನಿಂತಲ್ಲೇ ಅರ್ಥವಾಯಿತು. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಮತ್ತೆ ಮೊದಲಿನಿಂದ ಶುರು. ಎರಡು ಮೈ ಬೆಸೆಯುವ ಬ್ಲೆಂಡ್ ಕಮಾಂಡಿನಲ್ಲಿ ಟ್ಯಾಂಜೆಂಟ್ ಬದಲು ಕರ್ವೇಚರ್ ಒತ್ತಿದರೆ ಮುಗಿಯಿತಲ್ಲ ಎಂದು ನಾನು ಗಡಿಬಿಡಿ ಮಾಡಿದೆ. ಅವಳು ಒತ್ತಿಯೇ ತೋರಿಸಿದಳು. ಗೆರೆಗಳಲ್ಲಿ ಪಟ್ಟೆ ನುಣ್ಣಗೆ ದಾಟಿತು, ಆದರೆ ನಡುವೆ ಎಲ್ಲ ಬಾಗೂ ಒತ್ತೊತ್ತಾಗಿ ತುಂಬಿಕೊಂಡು ಮೈ ಹಿಂಡಿದಂತಾಯಿತು. ನಿಧಾನಕ್ಕೆ ಬಾಗಬೇಕೆಂದರೆ ಜಾಗ ಬೇಕು. ಗುಮ್ಮಟದ ಕಡೆ ಹೆಚ್ಚು ಸರಿಯುವ ಹಾಗಿಲ್ಲ, ಒಳಗೆ ಟೈರಿದೆ. ಹಾಗಾಗಿ ತಾನೇ ಅಷ್ಟು ಅಕ್ಕರೆಯಿಂದ ಕಟ್ಟಿದ್ದ ಬದಿಯ ಮೈಯನ್ನು ಅವಳು ಕಂಪ್ಯೂಟರಿನಲ್ಲಿ ಸೀಟಿನ ಹತ್ತಿರದವರೆಗೆ ಕತ್ತರಿಸಿ ಬಿಸಾಕಿ, ತಿರುವು ಅಲ್ಲಿಂದಲೇ ಶುರುವಾಗುವಂತೆ ಮಾಡಿದಳು. ಒಂದು ಎಳೆ ಎಳೆಯುವುದು, ಪಟ್ಟೆ ನೋಡುವುದು, ಅಳಿಸುವುದು. ಬಣ್ಣ ಹೊಡೆದ ಮೇಲೆ ಮಾತ್ರ ಕಾಣುವುದನ್ನು ಬಣ್ಣಕ್ಕೆ ಮೊದಲೇ ಕಾಣುವ ಆ ಕಣ್ಣನ್ನು ನಾನು ಚಹಾ ಹಿಡಿದು ನಿಂತು ನೋಡುತ್ತಿದ್ದೆ. ನನ್ನ ತಂಗಿ ಎಂದು ಹೇಳುತ್ತಿಲ್ಲ, ಅಂಥ ತಾಳ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೇ ಕವಚಕ್ಕೆ ಪಾಲಿಶ್ ಮುಗಿಸಿದ ದಿನ ಟ್ಯೂಬ್‌ಲೈಟಿನ ಬಿಂಬ ಸೀಟಿನ ಕೆಳಗಿಂದ ಹೊರಟು, ಬಳುಕಿ, ಚಕ್ರದ ಮೇಲೆ ಹೋಗಿ ಮಲಗಿತು. ಮೊದಲ ಗೆರೆ ಎಲ್ಲಿತ್ತೆಂದು ಹುಡುಕಿದೆ, ಸಿಗಲಿಲ್ಲ. ಅಕ್ಕೋರು ಬಂದು ನೋಡಿ ತಂಗಿಯ ಕೈ ಹಿಡಿದುಕೊಂಡರು. ಆಮೇಲೆ ಶಿರಸಿ ರಸ್ತೆ ಹಿಡಿದು ಹೋದರು.

ಶಾಲೆ ಶುರುವಾದ ದಿನ ಸಂಜೆ ಅವರ ಫೋನ್ ಬಂತು. ನನ್ನ ಕೈಯೆಲ್ಲ ರಾಳ, ತಂಗಿ ಸ್ಪೀಕರಿಗೆ ಹಾಕಿದಳು. ಹೊಸ ಊರಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಪಕ್ಕದ ಬೈಕಿನವನು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದನಂತೆ. ಇನ್ನೇನು ಕೇಳುತ್ತಾನೆ ಎಂದು ಇವರು ಎಂದಿನ ಉತ್ತರವನ್ನು ಸಿದ್ಧಮಾಡಿಕೊಂಡು ಕೂತಿದ್ದರಂತೆ.

"ಮೈಲೇಜ್ ಎಷ್ಟು ಕೊಡ್ತದೆ ಅಂತ ಕೇಳಿದ ಮಾರಾಯ್ತಿ," ಎಂದರು. "ಖುಷೀಲಿ ಐದು ಜಾಸ್ತಿನೇ ಹೇಳ್ಬಿಟ್ಟೆ."